ಹಳೇ ಫೋಟೋ ಸ್ಕ್ಯಾನ್ ಮೇಲಿನ ಸಣ್ಣ ತಾರೀಖು ಅಳಿಸೋಕೆ ಡಿಫ್ಯೂಷನ್ನಾ, ಪ್ಯಾಚ್ ಫಿಲ್ಲಾ?

ಹಳೇ_ನೆಗೆಟಿವ್

ಮನೇಲಿರೋ ಹಳೇ ಪ್ರಿಂಟ್‌ಗಳನ್ನೆಲ್ಲ ಸ್ಕ್ಯಾನ್ ಮಾಡ್ತಾ ಇದೀನಿ. 6x4 ಇಂಚಿನವು, 600 ಡಿಪಿಐ, ಅಂದ್ರೆ ಒಂದೊಂದೂ 3600x2400 ಪಿಕ್ಸೆಲ್. ಬಲಗಡೆ ಕೆಳಗೆ ಕ್ಯಾಮೆರಾನೇ ಹೊಡ್ದಿರೋ ಕಿತ್ತಳೆ ಬಣ್ಣದ ತಾರೀಖು ಇದೆ, '94 8 17 ಅಂತ. ಅಂಕಿ ಸುಮಾರು 70 ಪಿಕ್ಸೆಲ್ ಎತ್ತರ, ಗೆರೆ ದಪ್ಪ 7 ಪಿಕ್ಸೆಲ್ ಇರಬಹುದು. 9, 4, 8 ಮೂರೂ ಸಿಮೆಂಟ್ ನೆಲದ ಮೇಲೆ ಬಿದ್ದಿದೆ, 1 ಮತ್ತೆ 7 ಮಾತ್ರ ಪಟ್ಟೆ ಪಟ್ಟೆ ಚಾಪೆ ಮೇಲೆ.

ಎರಡು ಥರ ಟ್ರೈ ಮಾಡ್ದೆ. ಮೊದಲು ಸ್ಟೇಬಲ್ ಡಿಫ್ಯೂಷನ್ ಇನ್‌ಪೇಂಟಿಂಗ್, ತಾರೀಖಿನ ಸುತ್ತ ಒಂದು ಚೌಕ ಬಳಿದು "no text, no date" ಅಂತ ಪ್ರಾಂಪ್ಟ್ ಹಾಕ್ದೆ. ಬಂದಿದ್ದು ನೋಡಿ ನಗು ಬಂತು, ತಾರೀಖು ಹೋಯ್ತು, ಅದೇ ಜಾಗದಲ್ಲಿ ಯಾವ್ದೋ ಗೊತ್ತಿಲ್ದೇ ಇರೋ ಲಿಪೀಲಿ ಏನೋ ಬರ್ದಂಗಿದೆ, ನೆಲ ಬೇರೆ ಎಣ್ಣೆ ಸವರಿದ ಹಾಗೆ ನುಣ್ಣಗಾಗಿದೆ. ಆಮೇಲೆ ಗಿಂಪ್‌ನಲ್ಲಿ ರೀಸಿಂಥಸೈಜರ್ ಅನ್ನೋ ಪ್ಯಾಚ್ ಫಿಲ್ ಪ್ಲಗಿನ್, ಅದೇ ಚೌಕ. ನೆಲ ಸೂಪರ್, ಎಲ್ಲಿ ಅಳಿಸಿದೀನಿ ಅಂತ ನಂಗೇ ಸಿಗಲ್ಲ, ಆದ್ರೆ ಚಾಪೆ ಪಟ್ಟೆಗಳು ಮಧ್ಯದಲ್ಲಿ ಮುರಿದು ಅರ್ಧ ಪಟ್ಟೆ ಕೆಳಗೆ ಜಾರಿದೆ.

ಇಂಥವು ಇನ್ನೂ ನೂರಾ ಚಿಲ್ರೆ ಫೋಟೋ ಇದಾವೆ. ಯಾವ ದಾರಿ ಹಿಡೀಲಿ?

ತುಂತುರು

ಡಿಫ್ಯೂಷನ್ನೇ ಗುರು, ಈಗ ಯಾರು ಪ್ಯಾಚ್ ಫಿಲ್ ಮಾಡ್ತಾರೆ. ನೀನು ಮಾಡಿದ ತಪ್ಪು ಪ್ರಾಂಪ್ಟ್‌ದು. "no text" ಅಂತ ಪ್ರಾಂಪ್ಟ್‌ನಲ್ಲಿ ಹಾಕಿದ್ರೆ ಅದಕ್ಕೆ "no" ಸರಿಯಾಗಿ ಹತ್ತಲ್ಲ, "text" ಮಾತ್ರ ಹತ್ತುತ್ತೆ, ಹಂಗಾಗಿ ಟೆಕ್ಸ್ಟೇ ಬರೀತು. ಆ ಪದನ ನೆಗೆಟಿವ್ ಪ್ರಾಂಪ್ಟ್‌ಗೆ ಹಾಕು, ಪ್ರಾಂಪ್ಟ್‌ನಲ್ಲಿ "concrete floor, striped mat" ಅಂತ ಇರೋದನ್ನ ಬರಿ, ಡೀನಾಯ್ಸ್ 1 ಇಡು, ಮುಗೀತು.

ರಾತ್ರಿಪಾಳಿ

ಪ್ರಾಂಪ್ಟ್ ವಿಷಯ ತುಂತುರು ಹೇಳಿದ್ದು ಸರಿನೇ, ಆದ್ರೆ ಅಷ್ಟಕ್ಕೇ ಮುಗಿಯಲ್ಲ. ಹಳೇ_ನೆಗೆಟಿವ್, ಎರಡು ಪ್ರಶ್ನೆ. ಚೌಕದ ಅಳತೆ ಎಷ್ಟಿತ್ತು? ಡಿಫ್ಯೂಷನ್‌ಗೆ ಇಡೀ ಫೋಟೋ ಕೊಟ್ರಾ ಇಲ್ಲ ಆ ಮೂಲೆ ಮಾತ್ರ ಕತ್ತರಿಸಿ ಕೊಟ್ರಾ?

ಹಳೇ_ನೆಗೆಟಿವ್

ಚೌಕ 420x100 ಹತ್ರ ಹತ್ರ. ಫೋಟೋ ಇಡೀದು ಕೊಟ್ಟೆ ಸಾರ್, ಅದೇ 512ಕ್ಕೆ ಸಣ್ಣ ಮಾಡ್ಕೊಂಡ್ತು. ಆಮೇಲೆ ಬಂದಿದ್ದನ್ನ ದೊಡ್ಡದು ಮಾಡಿ ಮೂಲದ ಮೇಲೆ ಅಂಟಿಸ್ದೆ.

ರಾತ್ರಿಪಾಳಿ

ಹಂಗಾದ್ರೆ ನಿಮ್ಮ ಎರಡೂ ಪ್ರಯೋಗ ಕೆಟ್ಟಿದ್ದಕ್ಕೆ ಅರ್ಧ ಕಾರಣ ಆ ಚೌಕಾನೇ. ಯಾವ ವಿಧಾನ ಅನ್ನೋದು ಆಮೇಲಿನ ಮಾತು.

ಚೌಕ ಬಳಿದ್ರೆ ಮಧ್ಯದಲ್ಲಿರೋ ಪಿಕ್ಸೆಲ್‌ಗೆ ಹತ್ತಿರದ ಅಸಲಿ ಪಿಕ್ಸೆಲ್ 50 ಪಿಕ್ಸೆಲ್ ದೂರ. ಅದರ ಬದಲು ಅಂಕಿಯ ಗೆರೆಗಳನ್ನಷ್ಟೇ ಮಾಸ್ಕ್ ಮಾಡಿ, ಗೆರೆ 7 ಪಿಕ್ಸೆಲ್, ಆಚೆ ಈಚೆ ನಾಲ್ಕು ನಾಲ್ಕು ಸೇರಿಸಿದ್ರೆ 15. ಈಗ ಎಷ್ಟೇ ಒಳಗಿರೋ ಪಿಕ್ಸೆಲ್ ತಗೊಂಡ್ರೂ ಏಳೆಂಟು ಪಿಕ್ಸೆಲ್ ದೂರದಲ್ಲಿ ಅಸಲಿ ಸಿಗುತ್ತೆ. 8ರ ಹೊಟ್ಟೆ ಒಳಗಿನ ನೆಲ ಕೂಡ ಹಂಗೇ ಉಳ್ಕೊಳ್ಳುತ್ತೆ, ಅದೂ ಸಾಕ್ಷಿನೇ. ಚಾಪೆ ಪಟ್ಟೆ 7ರ ಎಡಕ್ಕೂ ಕಾಣುತ್ತೆ ಬಲಕ್ಕೂ ಕಾಣುತ್ತೆ, ಮಧ್ಯೆ 15 ಪಿಕ್ಸೆಲ್ ಹೊಲಿದ್ರೆ ಸಾಕು. ನೀವು ಚೌಕ ಕೊಟ್ಟು ಆ ಸಾಕ್ಷಿನೆಲ್ಲ ಅಳಿಸಿಬಿಟ್ಟು ಆಮೇಲೆ ಊಹೆ ಮಾಡು ಅಂತ ಕೇಳಿದೀರ.

ಈಗ ವ್ಯತ್ಯಾಸಕ್ಕೆ ಬರೋಣ. ಪ್ಯಾಚ್ ಫಿಲ್ ಅಂದ್ರೆ ಸಾಲ ತರೋದು. ಹಳ್ಳದ ಅಂಚಲ್ಲಿ ಒಂದು 7x7 ತುಂಡು ತಗೊಳ್ಳುತ್ತೆ, ಅದ್ರಲ್ಲಿ ಅರ್ಧ ಗೊತ್ತು ಅರ್ಧ ಗೊತ್ತಿಲ್ಲ, ಗೊತ್ತಿರೋ ಅರ್ಧಕ್ಕೆ ತುಂಬ ಹೋಲೋ ತುಂಡನ್ನ ಇದೇ ಫೋಟೋದಲ್ಲಿ ಬೇರೆ ಕಡೆ ಹುಡುಕಿ ಅಲ್ಲಿಂದ ಉಳಿದರ್ಧ ತಂದು ಇಡುತ್ತೆ. 2004ರ ಕ್ರಿಮಿನಿಸಿ ಪೇಪರ್‌ನಲ್ಲಿ ಯಾವ ತುಂಡು ಮೊದಲು ಅನ್ನೋದಕ್ಕೇ ಒಂದು ಲೆಕ್ಕ ಇದೆ, ಗಟ್ಟಿ ಗೆರೆ ಬಂದು ಹಳ್ಳಕ್ಕೆ ಬಡಿಯೋ ಜಾಗಕ್ಕೆ ಮೊದಲ ಪಾಳಿ, ಆ ಗೆರೆ ಮೊದಲು ದಾಟ್ಲಿ ಅಂತ. 2009ರಲ್ಲಿ ಪ್ಯಾಚ್‌ಮ್ಯಾಚ್ ಬಂದು ಹುಡುಕಾಟ ಸಿಕ್ಕಾಪಟ್ಟೆ ವೇಗ ಮಾಡ್ತು, ಪಕ್ಕದ ತುಂಡಿಗೆ ಎಲ್ಲಿ ಜೋಡಿ ಸಿಕ್ತೋ ನಂಗೂ ಅದರ ಪಕ್ಕದಲ್ಲೇ ಸಿಗಬಹುದು ಅನ್ನೋ ಸಣ್ಣ ಬುದ್ಧಿವಂತಿಕೆ ಅಷ್ಟೇ ಅದು. ಮುಖ್ಯ ಏನಪ್ಪ ಅಂದ್ರೆ, ಬರೋ ಪ್ರತಿ ಪಿಕ್ಸೆಲ್ಲೂ ನಿಮ್ಮ ಫೋಟೋದ್ದೇ. ಅದೇ ಫಿಲ್ಮ್ ಗ್ರೇನ್, ಅದೇ ಸ್ಕ್ಯಾನರ್ ಗಲೀಜು. ಅದಕ್ಕೇ ನೆಲ ನಿಮಗೆ ಅಷ್ಟು ಚೆನ್ನಾಗಿ ಬಂದಿದ್ದು. ಫೋಟೋದಲ್ಲಿ ಇಲ್ಲದ್ದನ್ನ ಮಾತ್ರ ಅದು ತರಲಾರದು.

ಡಿಫ್ಯೂಷನ್ ಸಾಲ ತರಲ್ಲ, ಹೊಸದಾಗಿ ಬರೆಯುತ್ತೆ. ಹಳ್ಳಕ್ಕೆ ಪೂರ್ತಿ ನಾಯ್ಸ್ ತುಂಬಿ, ಸುತ್ತಮುತ್ತ ನೋಡ್ಕೊಂಡು, ಪ್ರಾಂಪ್ಟ್ ನೋಡ್ಕೊಂಡು ಹಂತ ಹಂತವಾಗಿ ನಾಯ್ಸ್ ಕಳೀತಾ "ಇಲ್ಲಿ ಏನಿದ್ದಿರಬಹುದು" ಅಂತ ಬಿಡಿಸ್ತಾ ಹೋಗುತ್ತೆ. ಅದು ನೋಡಿರೋ ಕೋಟಿಗಟ್ಟಲೆ ಚಿತ್ರಗಳ ನೆನಪು ಬಳಸುತ್ತೆ, ನಿಮ್ಮ ನೆಲದ ಗ್ರೇನ್ ಅಲ್ಲ.

ನಿಮ್ಮ ಕೇಸ್‌ನಲ್ಲಿ ಏನಾಯ್ತು ನೋಡಿ. 3600ನ್ನ 512 ಮಾಡಿದ್ರೆ ಏಳರಲ್ಲಿ ಒಂದು ಪಾಲು, 7 ಪಿಕ್ಸೆಲ್ ಗೆರೆ 1 ಪಿಕ್ಸೆಲ್ ಆಯ್ತು. ಸ್ಟೇಬಲ್ ಡಿಫ್ಯೂಷನ್ ಪಿಕ್ಸೆಲ್ ಮೇಲೇ ಕೆಲಸ ಮಾಡಲ್ಲ, ಮೊದಲು ವಿಎಇ ಅನ್ನೋದು 512x512ನ್ನ 64x64ಕ್ಕೆ ಇಳಿಸುತ್ತೆ, ಅಂದ್ರೆ ಒಂದು ಮನೆ ಅಂದ್ರೆ 8x8 ಪಿಕ್ಸೆಲ್. ಅಂಕಿ ಎತ್ತರ 70 ಇದ್ದಿದ್ದು 10 ಪಿಕ್ಸೆಲ್ ಆಗಿ ಒಂದೂ ಕಾಲು ಮನೆ ಆಗೋಯ್ತು. ವಾಪಸ್ ಬರುವಾಗ ಗ್ರೇನ್ ಸತ್ತಿರುತ್ತೆ, ಆಮೇಲೆ ನೀವು ಏಳು ಪಟ್ಟು ಹಿಗ್ಗಿಸಿದ್ರಿ. ಎಣ್ಣೆ ಸವರಿದ ಹಾಗೆ ಕಾಣದೆ ಇನ್ನೇನು.

ಮಸುಕು_ಮಾಸ್ಕ್

ಒಂದ್ನಿಮಿಷ, ನಾನು ಓದಿರೋ ಪ್ರಕಾರ ಡಿಫ್ಯೂಷನ್ ಇನ್‌ಪೇಂಟಿಂಗೇ ಹಳೇದು, ಪ್ಯಾಚ್ ಆಮೇಲೆ ಬಂದಿದ್ದು. ಓಪನ್‌ಸಿವಿನಲ್ಲಿ cv2.inpaint ಇದ್ಯಲ್ಲ, ಅದು ಡಿಫ್ಯೂಷನ್ ಅಂತಾನೇ ನಮ್ಮ ಕ್ಲಾಸ್‌ನಲ್ಲಿ ಹೇಳಿಕೊಟ್ಟಿದ್ದು. ಅದಕ್ಕೆ ಪ್ರಾಂಪ್ಟೂ ಬೇಡ ಜಿಪಿಯೂನೂ ಬೇಡ, ಅರ್ಧ ಸೆಕೆಂಡಲ್ಲಿ ಮುಗಿಯುತ್ತೆ. ನೀವಿಬ್ರೂ ಯಾವ ಡಿಫ್ಯೂಷನ್ ಬಗ್ಗೆ ಮಾತಾಡ್ತಿದೀರ?

ರಾತ್ರಿಪಾಳಿ

ಒಳ್ಳೇ ಕಡೆ ಹಿಡಿದ್ರಿ, ಹೆಸರು ಒಂದೇ, ಸಂಬಂಧ ಮಾತ್ರ ಇಲ್ಲ. 2000ದಲ್ಲಿ ಬರ್ಟಾಲ್ಮಿಯೋ ಮತ್ತೆ ಜೊತೆಯವರು ಬರೆದಿದ್ದು, 2004ರಲ್ಲಿ ಟೆಲಿಯಾ ಬರೆದಿದ್ದು, ಇವೆಲ್ಲ ಅಂಚಿನ ಬಣ್ಣನ ಮೆಲ್ಲಗೆ ಒಳಗೆ ಹರಿಸೋ ಲೆಕ್ಕ, ಶಾಯಿ ಕಾಗದದಲ್ಲಿ ಹಬ್ಬಿದ ಹಾಗೆ. ಅದನ್ನೂ ಡಿಫ್ಯೂಷನ್ ಅಂತಾರೆ. ಅದು ಪ್ಯಾಚ್‌ಗಿಂತ ಹಳೇ ಮನೆತನ ಅನ್ನೋದೂ ಒಂದು ಮಟ್ಟಿಗೆ ಸರಿ. ಈಗಿನ ಡಿಫ್ಯೂಷನ್ ಮಾಡೆಲ್ ಬೇರೆ, ಅದು ನಾಯ್ಸ್ ಕಳೆಯೋದನ್ನ ಕಲಿತಿರೋ ನೆಟ್‌ವರ್ಕ್. ಮೂಲ ಪ್ರಶ್ನೇಲಿ ಇದ್ದಿದ್ದು ಎರಡನೇದು.

ಆದ್ರೆ cv2.inpaint ಹೆಸರು ಎತ್ತಿದ್ದು ಒಳ್ಳೇದಾಯ್ತು. ಗೆರೆ ಸಣ್ಣ ಇದ್ದು ಹಿನ್ನೆಲೆ ಸಪಾಟಾಗಿದ್ರೆ ಅದೇ ಸಾಕು, ಉದಾಹರಣೆಗೆ ಕಂಪ್ಯೂಟರ್‌ನಲ್ಲೇ ಮಾಡಿದ ಗ್ರಾಫಿಕ್ ಮೇಲಿನ ಅಕ್ಷರ. ಫೋಟೋದಲ್ಲಿ ಗ್ರೇನ್ ಇರೋದ್ರಿಂದ ಅದು ತುಂಬಿದ ಜಾಗ ನುಣ್ಣಗೆ ಉಳಿದು ಅಂಕಿ ಆಕಾರದಲ್ಲೇ ನೆರಳು ಥರ ಕಾಣುತ್ತೆ. ಬಣ್ಣ ಹೋದ್ರೂ 8 ಅಂತ ಓದಬಹುದು!

ಮಾಸ್ಕ್ ಮಾಡೋಕೆ ನಾನು ಬಳಸೋ ನಾಲ್ಕು ಸಾಲು ಹಾಕ್ತೀನಿ. ಕಿತ್ತಳೆ ಆಗಿರೋದ್ರಿಂದ ಸುಲಭ, ಲ್ಯಾಬ್ ಬಣ್ಣದ ಬಿ ಚಾನೆಲ್‌ನಲ್ಲಿ ಹಿನ್ನೆಲೆಗಿಂತ ಎದ್ದು ಕಾಣುತ್ತೆ. ಮೂಲೆ ಮಾತ್ರ ಕತ್ತರಿಸಿ ಓಡಿಸಿ, ಇಡೀ ಫೋಟೋ ಮೇಲೆ ಓಡಿಸಿದ್ರೆ ಹಳದಿ ಬಟ್ಟೆ, ಮೈಬಣ್ಣ ಎಲ್ಲಾ ಮಾಸ್ಕ್ ಒಳಗೆ ಬಂದು ಕೂರುತ್ತೆ.

```python
import cv2, numpy as np
roi = cv2.imread("scan.png")[2050:2350, 2900:3500]
b = cv2.cvtColor(roi, cv2.COLOR_BGR2LAB)[:, :, 2]
bg = cv2.medianBlur(b, 101)
mask = ((b.astype(int) - bg) > 18).astype(np.uint8) * 255
k = cv2.getStructuringElement(cv2.MORPH_ELLIPSE, (9, 9))
mask = cv2.dilate(mask, k)
cv2.imwrite("roi.png", roi)
cv2.imwrite("mask.png", mask)
```

18 ಅನ್ನೋದು ದೇವರು ಕೊಟ್ಟಿದ್ದಲ್ಲ, ಮಾಸ್ಕ್ ನೋಡ್ಕೊಂಡು ಮೇಲೆ ಕೆಳಗೆ ಮಾಡಿ. ಆ 9x9 ಡೈಲೇಟ್ ಮಾತ್ರ ಬಿಡಬೇಡಿ. ಅಂಕಿ ಸುತ್ತ ತೆಳು ಕಿತ್ತಳೆ ಹೊಳಪು ಇರುತ್ತೆ, ಕಣ್ಣಿಗೆ ಕಾಣಲ್ಲ, ಅದು ಮಾಸ್ಕ್ ಹೊರಗೆ ಉಳಿದ್ರೆ ಎರಡು ವಿಧಾನನೂ ಎಡವುತ್ತೆ. ಪ್ಯಾಚ್ ಫಿಲ್ ಆ ಕಿತ್ತಳೆ ಅಂಚಿಗೆ ಹೋಲೋ ತುಂಡು ಹುಡುಕ್ತಾ ಹೋಗಿ ಇನ್ನೊಂದು ಅಂಕಿಯ ಕಿತ್ತಳೆ ಅಂಚನ್ನೇ ತಂದಿಡುತ್ತೆ. ಡಿಫ್ಯೂಷನ್ ಆ ಅಂಚು ನೋಡಿ "ಓ ಇಲ್ಲಿ ಬರಹ ಇದೆ" ಅಂತ ಅಂದ್ಕೊಂಡು ತಾನೇ ಒಂದು ಬರಹ ಬರೆಯುತ್ತೆ. ನಿಮಗೆ ಬಂದ ಆ ಗೊತ್ತಿಲ್ಲದ ಲಿಪಿ ಹಿಂದೆ ಪ್ರಾಂಪ್ಟ್ ಜೊತೆ ಇದರ ಕೈವಾಡನೂ ಇರಬಹುದು, ಸಣ್ಣ ಮಾಡಿದಾಗ ಚೌಕದ ಅಂಚಿಗೇ ಅಂಕಿ ತಾಗಿತ್ತಾ ಅಂತ ನೋಡಿ.

ಬೆಳಕಿಂಡಿ

ಇದೇ ರೀತಿ ನಂದೊಂದು ಪ್ರಶ್ನೆ, ಫೋಟೋ ಮೇಲೆ ಪೂರ್ತಿ ಅಡ್ಡಡ್ಡ ಬಿಳಿ ವಾಟರ್‌ಮಾರ್ಕ್ ಇದೆ, ಅರ್ಧಂಬರ್ಧ ಪಾರದರ್ಶಕ, ಹಿಂದಿರೋದು ಕಾಣುತ್ತೆ. ಅದಕ್ಕೂ ಈ ಮಾಸ್ಕ್ ನಡೆಯುತ್ತಾ?

ರಾತ್ರಿಪಾಳಿ

ಅದು ಬೇರೆ ಕಥೆ ಮೇಡಂ. ತಾರೀಖು ಬಿದ್ದ ಕಡೆ ಹಿಂದಿನ ಚಿತ್ರ ಸುಟ್ಟೇ ಹೋಗಿದೆ, ಅದಕ್ಕೆ ತುಂಬಬೇಕು. ಅರ್ಧ ಪಾರದರ್ಶಕ ಆದ್ರೆ ಹಿಂದಿನ ಪಿಕ್ಸೆಲ್ ಅಲ್ಲೇ ಇದೆ, ಬಿಳಿ ಬೆರೆತಿದೆ ಅಷ್ಟೇ, ತುಂಬೋ ಪ್ರಶ್ನೆನೇ ಬರಲ್ಲ. ಮತ್ತೆ ಅದು ಬೇರೆಯವರ ಫೋಟೋ ಆಗಿದ್ರೆ ಅವರನ್ನೇ ಕೇಳಿ ಮಾರ್ಕ್ ಇಲ್ಲದ ಕಾಪಿ ತಗೊಳ್ಳಿ, ನಾನು ಅದಕ್ಕೆ ದಾರಿ ಹೇಳಲ್ಲ.

ಬೆಳಕಿಂಡಿ

ಅಯ್ಯೋ ನಮ್ಮ ಮನೆಯವರದ್ದೇ ಫೋಟೋ, ತೆಗೆದವರದ್ದು ಮಾರ್ಕ್. ಸರಿ ಕೇಳ್ತೀನಿ.

ಹಳೇ_ನೆಗೆಟಿವ್

ಮಾಡಿ ನೋಡ್ದೆ, ವರದಿ ಒಪ್ಪಿಸ್ತೀನಿ 😀

ಮಾಸ್ಕ್ ಮೊದಲ ಸಲ ಕೆಟ್ಟೋಯ್ತು. ಚಾಪೇಲಿ ಒಂದು ಕೆಂಪು ಪಟ್ಟೆ ಇದೆ, ಅದೂ ಪೂರ್ತಿ ಮಾಸ್ಕ್ ಒಳಗೆ ಬಂತು. 18ನ್ನ 30 ಮಾಡ್ದೆ, ಪಟ್ಟೆ ಹೋಯ್ತು, ಆದ್ರೆ 7ರ ಮೇಲಿನ ಅಡ್ಡಗೆರೆ ತುದಿನೂ ಹೋಯ್ತು. ಕೊನೆಗೆ ಆ ತುದಿ ಒಂದನ್ನ ಕೈಯಲ್ಲೇ ಬಳಿದೆ, ಹತ್ತು ಸೆಕೆಂಡಿನ ಕೆಲಸ.

ಆಮೇಲೆ ಅದೇ ಮಾಸ್ಕ್ ಇಟ್ಕೊಂಡು ಮೂರು ಥರ ಮಾಡ್ದೆ. cv2.inpaint ಟೆಲಿಯಾ, ರೇಡಿಯಸ್ 5. ದೂರದಿಂದ ನೋಡಿದ್ರೆ ಪರವಾಗಿಲ್ಲ, 100% ಝೂಮ್‌ನಲ್ಲಿ ಸಾರ್ ಹೇಳಿದ ಹಾಗೇ 948 ಅಂತ ನೆರಳಲ್ಲಿ ಓದಬಹುದು. ಗಿಂಪ್‌ನಲ್ಲಿ ಅದೇ ರೀಸಿಂಥಸೈಜರ್‌ನ ಹೀಲ್ ಸೆಲೆಕ್ಷನ್, ನೆಲ ಮೊದಲಿನ ಹಾಗೇ ಸೂಪರ್, ಚಾಪೆ ಈ ಸಲ 1ರ ಹತ್ರ ಪೂರ್ತಿ ಸರಿ, 7ರ ಹತ್ರ ಒಂದು ಪಟ್ಟೆ ಅಂಚು ಸ್ವಲ್ಪ ಗರಗಸದ ಥರ. ಡಿಫ್ಯೂಷನ್‌ಗೆ ಈ ಸಲ ಮೂಲೆಯ 512x512 ತುಂಡು ಮಾತ್ರ ಕೊಟ್ಟೆ, ಸಣ್ಣ ಮಾಡದೆ. ಪಟ್ಟೆ ಗೆರೆ ಹೊಡೆದ ಹಾಗೆ ನೇರ, ಲಿಪಿ ಗಿಪಿ ಏನೂ ಬರ್ಲಿಲ್ಲ. ಆದ್ರೆ ಒಂದು ವಿಚಿತ್ರ, ತಾರೀಖು ಇಲ್ಲದ ಜಾಗನೂ ಬದಲಾಗಿದೆ, ನಾನು ಮಾಸ್ಕ್ ಹಾಕೇ ಇಲ್ಲದ ಚಾಪೆ ನೇಯ್ಗೆ ಸ್ವಲ್ಪ ಮಂಕಾಗಿದೆ. ಅದ್ಯಾಕೆ?

ರಾತ್ರಿಪಾಳಿ

ಅದು ವಿಎಇ ಕೆಲಸ. ಇಡೀ ತುಂಡು ಒಮ್ಮೆ 64x64ಕ್ಕೆ ಇಳಿದು ಮತ್ತೆ ಹತ್ತುತ್ತೆ, ಮಾಸ್ಕ್ ಒಳಗೆ ಹೊರಗೆ ಅಂತ ಅದಕ್ಕೆ ಭೇದ ಇಲ್ಲ, ಸಣ್ಣ ನೇಯ್ಗೆ ಎಲ್ಲಾ ಕಡೆ ಸವೆಯುತ್ತೆ. ಅದಕ್ಕೇ ಡಿಫ್ಯೂಷನ್ ಕೊಟ್ಟಿದ್ದನ್ನ ಹಂಗೇ ಸೇವ್ ಮಾಡ್ಬಾರ್ದು, ಮೂಲ ತುಂಡಿನ ಮೇಲೆ ಮಾಸ್ಕ್ ಒಳಗಿನ ಭಾಗ ಮಾತ್ರ ಅಂಟಿಸ್ಬೇಕು, ಅಂಚು ಎರಡು ಮೂರು ಪಿಕ್ಸೆಲ್ ಮೆತ್ತಗೆ ಮಾಡಿ. ಕೆಲವು ಟೂಲ್ ತಾನೇ ಅಂಟಿಸುತ್ತೆ, ಕೆಲವು ಅಂಟಿಸಲ್ಲ. ನೀವು ಡಿಫ್ಯೂಸರ್ಸ್ ಲೈಬ್ರರಿಯ ಪೈಪ್‌ಲೈನ್ ನೇರ ಓಡಿಸಿದ್ರೆ ಸುಮ್ನೆ ಇಡೀ ಚಿತ್ರ ವಾಪಸ್ ಕೊಡುತ್ತೆ, ಅಂಟಿಸೋದು ನಿಮ್ಮ ತಲೆನೋವು.

ಅದೇ ಕಡೆ ಇನ್ನೊಂದು ಗುಂಡಿ ಇದೆ, ಸಣ್ಣ ಅಕ್ಷರ ತೆಗೆಯೋರು ಬೀಳೋದೇ ಅಲ್ಲಿ. ನಿಮ್ಮ ಮಾಸ್ಕೂ 64x64ಕ್ಕೆ ಇಳಿಯುತ್ತೆ, ಅದೂ ಸರಾಸರಿ ತೆಗೆದು ಅಲ್ಲ, 8 ಪಿಕ್ಸೆಲ್‌ಗೆ ಒಂದನ್ನ ಹೆಕ್ಕಿ. 15 ಪಿಕ್ಸೆಲ್ ಅಗಲ ಇದ್ರೆ ಪ್ರತಿ ಸಾಲಲ್ಲೂ ಒಂದಾದ್ರೂ ಸಿಕ್ಕೇ ಸಿಗುತ್ತೆ. ಬರೀ 3 ಪಿಕ್ಸೆಲ್ ಗೆರೆ ಮಾಸ್ಕ್ ಮಾಡಿದ್ರೆ ಕೆಲವು ಕಡೆ ಸಿಕ್ಕಿ ಕೆಲವು ಕಡೆ ತಪ್ಪಿಹೋಗುತ್ತೆ, ಆ ತಪ್ಪಿದ ಕಡೆ ಮಾಡೆಲ್‌ಗೆ ಅಲ್ಲಿ ಹಳ್ಳ ಇದೆ ಅಂತಾನೇ ಸರಿಯಾಗಿ ತಿಳಿಯಲ್ಲ, ಅರ್ಧ ಅಳಿದ ಅಕ್ಷರ ವಾಪಸ್ ಬರುತ್ತೆ. ಹಂಗಾಗಿ ತೀರಾ ಸಣ್ಣ ಅಕ್ಷರ ಆದ್ರೆ ಆ ತುಂಡನ್ನ ಎರಡು ಮೂರು ಪಟ್ಟು ಹಿಗ್ಗಿಸಿ ಕೊಟ್ಟು, ಬಂದಮೇಲೆ ಕುಗ್ಗಿಸಿ ಅಂಟಿಸ್ಬೇಕು. ಆಟೋಮ್ಯಾಟಿಕ್1111ನಲ್ಲಿ "Only masked" ಅನ್ನೋ ಆಯ್ಕೆ ಮಾಡೋದೂ ಇದನ್ನೇ.

ಪ್ಯಾಚ್ ಫಿಲ್‌ಗೆ ಈ ರಗಳೆನೇ ಇಲ್ಲ ನೋಡಿ, ಪಿಕ್ಸೆಲ್ ಮೇಲೇ ಕೆಲಸ, ಹೊರಗಿನ ಒಂದು ಪಿಕ್ಸೆಲ್ಲೂ ಮುಟ್ಟಲ್ಲ.

7ರ ಗರಗಸಕ್ಕೆ: ಹೀಲ್ ಸೆಲೆಕ್ಷನ್‌ನಲ್ಲಿ ಎಲ್ಲಿಂದ ತಗೋಬೇಕು ಅಂತ ಕೇಳುತ್ತಲ್ಲ, ಪಟ್ಟೆ ಅಡ್ಡ ಇದ್ರೆ "Sides" ಕೊಡಿ, ಮತ್ತೆ 9, 4, 8 ಒಂದು ಸಲ, 1 ಮತ್ತೆ 7 ಬೇರೆ ಸಲ ಓಡಿಸಿ. ನೆಲದ ತುಂಡು ಚಾಪೆಗೆ, ಚಾಪೆ ತುಂಡು ನೆಲಕ್ಕೆ ಬರೋದು ತಪ್ಪುತ್ತೆ.

ನಕಾಶೆ_ಹುಚ್ಚ

ನನ್ನದು ಫೋಟೋ ಅಲ್ಲ, ಸ್ಕ್ಯಾನ್ ಮಾಡಿದ ಹಳೇ ಭೂಪಟ. ಎತ್ತರದ ಗೆರೆಗಳ ಮೇಲೆ ಸಣ್ಣ ಊರ ಹೆಸರು, ಸಂಖ್ಯೆ ಎಲ್ಲ ಬರ್ದಿದೆ, ಗೆರೆ ಮಾತ್ರ ಬೇಕು ಅಂತ ಹೆಸರು ತೆಗೀತಿದ್ದೆ. ಡಿಫ್ಯೂಷನ್ ಅದ್ಭುತವಾಗಿ ಮಾಡ್ತು, ನೋಡಿದ ತಕ್ಷಣ ಖುಷಿ ಆಯ್ತು. ಆಮೇಲೆ ಒಂದು ಕಡೆ ಗೆರೆ ಎಣಿಸ್ದೆ. ಹೆಸರಿನ ಎಡಕ್ಕೆ ಐದು ಗೆರೆ ಒಳಗೆ ಹೋಗುತ್ತೆ, ಬಲಕ್ಕೆ ಐದು ಹೊರಗೆ ಬರುತ್ತೆ, ಮಧ್ಯದಲ್ಲಿ ಮಾತ್ರ ಎರಡು ಗೆರೆ ಸೇರಿ ಒಂದಾಗಿ ಮತ್ತೆ ಬೇರೆ ಆಗಿದೆ! ಎತ್ತರದ ಗೆರೆ ಹಂಗೆಲ್ಲ ಕೂಡಿಕೊಳ್ಳಲ್ಲ, ಕಡಿದಾದ ಬಂಡೆ ಇದ್ರೆ ಬೇರೆ ಮಾತು. ಸೀಡ್ ಬದಲಾಯಿಸಿದ್ರೆ ಬೇರೆ ಕಡೆ ಸೇರುತ್ತೆ. ಪ್ಯಾಚ್ ಫಿಲ್ ಹಾಕಿದ್ರೆ ಅದು ಪಕ್ಕದಿಂದ ಒಂದು ಮರದ ಗುರುತು ತಂದು ಗೆರೆ ಮಧ್ಯೆ ನೆಟ್ಟುಬಿಡ್ತು. ಅದಾದ್ರೂ ಎದ್ದು ಕಾಣುತ್ತೆ, ಕೈಯಲ್ಲಿ ಅಳಿಸ್ದೆ. ಮೊದಲನೇದು ಎಣಿಸದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ.

ಹಂಗಾಗಿ ನನ್ನ ಅನಿಸಿಕೆ, ಪ್ಯಾಚ್ ತಪ್ಪು ಮಾಡಿದ್ರೆ ಕಣ್ಣಿಗೆ ಹೊಡೆಯುತ್ತೆ, ಡಿಫ್ಯೂಷನ್ ತಪ್ಪು ಮಾಡಿದ್ರೆ ಚೆಂದವಾಗಿ ಮಾಡುತ್ತೆ.

ತುಂತುರು

ಭೂಪಟ ಸರಿ ಅಣ್ಣ, ಅಲ್ಲಿ ಗೆರೆ ಅಂದ್ರೆ ಅಳತೆ. ಇವರದ್ದು ಚಾಪೆ. ಚಾಪೆ ಪಟ್ಟೆ ಒಂದು ಪಿಕ್ಸೆಲ್ ಆಚೀಚೆ ಆದ್ರೆ ಯಾರ ಗಂಟು ಹೋಗುತ್ತೆ? ನಾನು ಲಾಮಾ ಬಳಸ್ತೀನಿ, ಅದೂ ಡಿಫ್ಯೂಷನ್ನೇ, ಒಂದು ಸೆಕೆಂಡ್, ಪ್ರಾಂಪ್ಟ್ ಬೇಡ, ಲಿಪಿ ಬರೆಯಲ್ಲ. ನೂರು ಫೋಟೋಗೆ ಇಷ್ಟೆಲ್ಲ ಸರ್ಕಸ್ ಯಾಕೆ.

ರಾತ್ರಿಪಾಳಿ

ಲಾಮಾ ಡಿಫ್ಯೂಷನ್ ಅಲ್ಲ. ಅದು ಒಂದೇ ಏಟಿಗೆ ತುಂಬೋ ನೆಟ್‌ವರ್ಕ್, ನಾಯ್ಸ್‌ನಿಂದ ಹಂತ ಹಂತ ಬರಲ್ಲ, ವಿಎಇ ಒಳಗೂ ಹೋಗಲ್ಲ. ಮತ್ತೆ ಮತ್ತೆ ಬರೋ ವಿನ್ಯಾಸನ ಅದು ಚೆನ್ನಾಗಿ ಹಿಡಿಯುತ್ತೆ, ಪಟ್ಟೆ, ಜಾಲರಿ, ಇಟ್ಟಿಗೆ ಥರದ್ದು. ಹಂಗಾಗಿ ಬಳಸಿ ಅಂತಾನೇ ನಾನೂ ಹೇಳ್ತೀನಿ, ಹೆಸರು ಮಾತ್ರ ಸರಿ ಹೇಳಿ. ಗ್ರೇನ್ ಅದೂ ಪೂರ್ತಿ ಕೊಡಲ್ಲ, ಅದನ್ನ ನೋಡ್ಕೋಬೇಕು.

ತುಂತುರು

ಸರಿ ಬಿಡಿ, ಡಿಫ್ಯೂಷನ್ ಅಲ್ಲ. ಕೆಲಸ ಮಾಡುತ್ತಲ್ವಾ.

ಮಸುಕು_ಮಾಸ್ಕ್

ಗ್ರೇನ್ ಗ್ರೇನ್ ಅಂತ ಎಲ್ರೂ ಹೇಳ್ತಿದೀರ, ಅದು ಹೋಗಿದೆಯಾ ಇಲ್ವಾ ಅಂತ ಕಣ್ಣಲ್ಲಿ ಬಿಟ್ಟು ಬೇರೆ ದಾರಿ ಇದ್ಯಾ? ಮತ್ತೆ ಹೋಗಿದ್ರೆ ಮೇಲಿಂದ ನಾಯ್ಸ್ ಸೇರಿಸಿದ್ರೆ ಆಯ್ತಲ್ಲ?

ರಾತ್ರಿಪಾಳಿ

ಇದೆ, ಸುಲಭ. ಚಿತ್ರದ ಕಾಪಿಯನ್ನ ಬ್ಲರ್ ಮಾಡಿ, ಮೂಲದಿಂದ ಅದನ್ನ ಕಳೆಯಿರಿ, ಉಳಿದದ್ದನ್ನ ಐದಾರು ಪಟ್ಟು ಹೆಚ್ಚಿಸಿ ನೋಡಿ. ಪೂರ್ತಿ ಮರಳು ಚೆಲ್ಲಿದ ಹಾಗೆ ಕಾಣಬೇಕು. ಟೆಲಿಯಾ ತುಂಬಿದ ಕಡೆ ಅಂಕಿ ಆಕಾರದಲ್ಲಿ ಸಪಾಟು ಬೂದು ಕಾಣುತ್ತೆ. ಡಿಫ್ಯೂಷನ್ ಕಡೆ ಮರಳು ಇರುತ್ತೆ, ತೆಳುವಾಗಿ, ಇಲ್ಲಾ ಬೇರೆ ದಪ್ಪದ್ದು. ಪ್ಯಾಚ್ ಕಡೆ ಮರಳು ಸರಿಯಾಗಿರುತ್ತೆ, ಆದ್ರೆ ಒಂದೇ ಚುಕ್ಕೆ ಗುಂಪು ಎರಡು ಕಡೆ ಕಂಡ್ರೆ ಅದು ನಕಲು ಅಂತ ಗೊತ್ತಾಗುತ್ತೆ.

ಮೇಲಿಂದ ನಾಯ್ಸ್ ಸೇರಿಸೋದು ಅರ್ಧ ಉತ್ತರ. ಸಾಫ್ಟ್‌ವೇರ್ ಕೊಡೋ ನಾಯ್ಸ್‌ನಲ್ಲಿ ಒಂದೊಂದು ಪಿಕ್ಸೆಲ್ಲೂ ಅದರ ಪಾಡಿಗೆ ಅದು, ಪುಡಿ ಉಪ್ಪು ಉದುರಿಸಿದ ಹಾಗೆ. 600 ಡಿಪಿಐ ಸ್ಕ್ಯಾನ್‌ನಲ್ಲಿ ಗ್ರೇನ್ ಒಂದು ಕಾಳು ಎರಡು ಮೂರು ಪಿಕ್ಸೆಲ್‌ಗೆ ಹರಡಿರುತ್ತೆ, ಪಕ್ಕದ ಪಿಕ್ಸೆಲ್‌ಗಳಿಗೆ ನಂಟಿರುತ್ತೆ. ಹಾಗಾಗಿ ನಾನು ಮಾಡೋದು ಏನಂದ್ರೆ, ಈಗ ಹೇಳಿದ ಕಳೆದ ಲೇಯರ್‌ನಲ್ಲೇ ಪಕ್ಕದ ಖಾಲಿ ನೆಲದಿಂದ ಒಂದು ತುಂಡು ಎತ್ತಿ ತುಂಬಿದ ಜಾಗದ ಮೇಲೆ ಕೂಡಿಸ್ತೀನಿ. ಅಸಲಿ ಗ್ರೇನ್, ಅಸಲಿ ಗಾತ್ರ.

ಹಳೇ_ನೆಗೆಟಿವ್

ಆಯ್ತು, ಈಗ ನನ್ನ ದಾರಿ ಹೀಗೆ ಇಟ್ಕೊಂಡಿದೀನಿ, ತಪ್ಪಿದ್ರೆ ಹೇಳಿ. ಎಲ್ಲದಕ್ಕೂ ಗೆರೆ ಮಾಸ್ಕ್, ಮೊದಲು ಪ್ಯಾಚ್. ಪಟ್ಟೆ ಕೆಟ್ಟ ಕಡೆ ಮಾತ್ರ ಆ ಅಂಕಿ ಒಂದಕ್ಕೆ ಡಿಫ್ಯೂಷನ್ನೋ ಲಾಮಾನೋ, ಮೂಲದ ಮೇಲೆ ಅಂಟಿಸಿ, ಗ್ರೇನ್ ಕೂಡಿಸೋದು. ನಿನ್ನೆ ರಾತ್ರಿ 22 ಫೋಟೋ ಮುಗಿಸ್ದೆ, 19ಕ್ಕೆ ಪ್ಯಾಚೇ ಸಾಕಾಯ್ತು, ಎರಡಕ್ಕೆ ಲಾಮಾ.

ಉಳಿದ ಒಂದು ಕೈಕೊಟ್ಟಿದೆ. 7 ಅನ್ನೋದು ಕೂತಿರೋ ಮಗುವಿನ ಕಾಲ್ಬೆರಳ ಮೇಲೇ ಬಿದ್ದಿದೆ. ಪ್ಯಾಚ್ ಫಿಲ್ ಚಾಪೆ ತಂದು ಬೆರಳ ತುದಿ ತಿಂದು ಹಾಕ್ತು, ಫೋಟೋದಲ್ಲಿ ಅಂಥ ಇನ್ನೊಂದು ಬೆರಳು ಅದೇ ಕೋನದಲ್ಲಿ ಇಲ್ವಲ್ಲ. ಡಿಫ್ಯೂಷನ್ ಬೆರಳು ಚೆನ್ನಾಗೇ ಮಾಡ್ತು, ನಾಲ್ಕು ಸೀಡ್‌ಗೆ ನಾಲ್ಕು ಥರ ಉಗುರು. ಯಾವುದು ಆ ಮಗುವಿನ ಉಗುರು ಅಂತ ಹೆಂಗೆ ಹೇಳೋದು?

ತುಂತುರು

ಚೆನ್ನಾಗಿ ಕಾಣೋದನ್ನ ಇಟ್ಕೊ ಗುರು, ಕಾಲ್ಬೆರಳಿನ ಉಗುರಪ್ಪ ಅದು.

ನಕಾಶೆ_ಹುಚ್ಚ

ನಾನಾದ್ರೆ ಆ ಫೋಟೋದಲ್ಲಿ 7 ಬಿಟ್ಟು ಬಾಕಿ ತೆಗೀತೀನಿ. ಇಲ್ಲಾ ತಾರೀಖು ಪೂರ್ತಿ ಬಿಡ್ತೀನಿ. ಹದಿನೈದು ಪಿಕ್ಸೆಲ್ ಉಗುರು ಯಾರೂ ನೋಡಲ್ಲ ನಿಜ, ಆದ್ರೆ ಇವತ್ತು ಉಗುರು, ನಾಳೆ ತಾರೀಖು ಮುಖದ ಮೇಲೆ ಬಿದ್ದಿದ್ರೆ?

ರಾತ್ರಿಪಾಳಿ

ಇದಕ್ಕೆ ನನ್ನ ಹತ್ರ ಒಂದೇ ಉತ್ತರ ಇಲ್ಲ. ಗೋಡೆಗೆ ಹಾಕೋ ಪ್ರಿಂಟ್ ಆದ್ರೆ ಡಿಫ್ಯೂಷನ್ ಉಗುರು ಇಡ್ತೀನಿ, ಇಟ್ಟುಕೊಳ್ಳೋ ಮೂಲ ಕಾಪಿ ಆದ್ರೆ ಮುಟ್ಟಲ್ಲ. ಪ್ಯಾಚ್‌ಗೆ ಇನ್ನೊಂದು ಛಾನ್ಸ್ ಕೊಡಬಹುದು, ಅದೇ ರೀಲ್‌ನಲ್ಲಿ ಅದೇ ಮಗು ಅದೇ ಥರ ಕೂತಿರೋ ಇನ್ನೊಂದು ಫೋಟೋ ಇದ್ರೆ ಬೆರಳನ್ನ ಅಲ್ಲಿಂದ ಕ್ಲೋನ್ ಮಾಡಿ.

ಇನ್ನೊಂದು ಮಾತು, ಅಳಿಸೋಕೆ ಮುಂಚೆ ಆ ತಾರೀಖನ್ನ ಫೈಲ್ ಒಳಗೆ ಬರೆದಿಟ್ರಾ? ಚಿತ್ರದ ಮೇಲಿಂದ ಹೋದ್ಮೇಲೆ ಇನ್ನೆಲ್ಲೂ ಇರಲ್ಲ.

```
exiftool -DateTimeOriginal="1994:08:17 00:00:00" scan.tif
```

ಹಳೇ_ನೆಗೆಟಿವ್

ಅಯ್ಯಯ್ಯೋ, 22ಕ್ಕೂ ಬರೆದಿಲ್ಲ. ಪುಣ್ಯಕ್ಕೆ ಮೂಲ ಸ್ಕ್ಯಾನ್ ಬೇರೆ ಫೋಲ್ಡರ್‌ನಲ್ಲಿ ಇದಾವೆ, ಇವತ್ತು ಕೂತು ಬರೀತೀನಿ. ಅದೇ ರೀಲ್‌ನ ಬೇರೆ ಫೋಟೋನೂ ಹುಡುಕ್ತೀನಿ.

ಹಳೇ_ನೆಗೆಟಿವ್

ಬರೆಯೋಕೆ ಕೂತಾಗ ಸಿಕ್ಕಿದ ತಮಾಷೆ: ಆ ಕಾಲ್ಬೆರಳಿನ ಮಗು ಇನ್ನೊಂದು ಪ್ರಿಂಟ್‌ನಲ್ಲೂ ಇದೆ, ಅದೇ ಚಾಪೆ, ಅದೇ ಬಟ್ಟೆ, ಅಲ್ಲಿ ತಾರೀಖು '87 1 1 ಅಂತಿದೆ. ಮಗು ಹುಟ್ಟಿದ್ದೇ 92ರಲ್ಲಿ. ಮಧ್ಯೆ ಯಾರೋ ಬ್ಯಾಟರಿ ಬದಲಾಯಿಸಿರಬೇಕು. ಬೆರಳು ಮಾತ್ರ ಆ ಫೋಟೋದಲ್ಲಿ ಪೂರ್ತಿ ಕಾಣ್ತಿದೆ, ಕೋನ ಸ್ವಲ್ಪ ಬೇರೆ, ಹತ್ತು ಡಿಗ್ರಿ ತಿರುಗಿಸಿದ್ರೆ ಕೂರಬಹುದು. ಮಾಡಿ ನೋಡಿ ಹೇಳ್ತೀನಿ.